ಅರಬ್ಬಿ ಡಿಸ್ಚಾರ್ಜ್ ಸಮ್ಮರಿಯ ಇಂಗ್ಲಿಷ್ ಅನುವಾದ
ಆಸ್ಪತ್ರೆಯಿಂದ ಮನೆಗೆ ಹೊರಟ ರೋಗಿಗೆ ಕೊಡುವ ಅರಬ್ಬಿ ವರದಿಯನ್ನು ಇಂಗ್ಲಿಷಿಗೆ ತರುವ ಕೆಲಸ. ಇಲ್ಲಿ ಹೆಚ್ಚು ಅಪಾಯವಿರುವುದು ಅಂಕಿಗಳಲ್ಲಿ. ಈಜಿಪ್ಟ್, ಇರಾಕ್ ಮೊದಲಾದೆಡೆಯ ಬರಹದಲ್ಲಿ ಸೊನ್ನೆ ಬರೀ ಚುಕ್ಕೆ, ಐದು ಪುಟ್ಟ ಉಂಗುರ, ದಶಾಂಶಕ್ಕೆ ಅಲ್ಪವಿರಾಮದಂಥ ಗೆರೆ. ಹೃದಯದ ಔಷಧ ಡಿಗಾಕ್ಸಿನ್ 0.25 ಮಿ.ಗ್ರಾಂ ಎಂದಿರುವಲ್ಲಿ ಆ ಗೆರೆ ಮಾಸಿದರೆ ಉಳಿಯುವುದು ಚುಕ್ಕೆ, ಎರಡು, ಉಂಗುರ. ಅವಸರದ ಕಣ್ಣಿಗೆ ಅದು .20 ಆಗುತ್ತದೆ. ಮಾತ್ರೆ ಯಾವ ಪ್ರಮಾಣದಲ್ಲಿ ಸಿಗುತ್ತದೆಂದು ತಾಳೆ ನೋಡಿದರೆ ತಪ್ಪು ಸಿಕ್ಕಿಬೀಳುತ್ತದೆ. ಇಂಗ್ಲಿಷಿನಲ್ಲಿ ದಶಾಂಶ ಬಿಂದುವಿನ ಎಡಗಡೆಯ ಸೊನ್ನೆಯನ್ನು ಬಿಡಲೇಬಾರದು.

ಅರಬ್ಬಿ ವರ್ಣಮಾಲೆಯಲ್ಲಿ ‘ಪ’ ಇಲ್ಲದ್ದರಿಂದ ಪನಡಾಲ್ ‘ಬ’ಕಾರದಿಂದ ಶುರುವಾಗುತ್ತದೆ. ಬ್ರ್ಯಾಂಡ್ ಹೆಸರು ಉಳಿಸಿ, ಪಕ್ಕದಲ್ಲಿ ಪ್ಯಾರಾಸಿಟಮಾಲ್ ಎಂದೂ ಅಮೆರಿಕದ ವೈದ್ಯರಿಗಾದರೆ ಅಸೆಟಾಮಿನೋಫೆನ್ ಎಂದೂ ಸೇರಿಸುವುದು ಕ್ಷೇಮ. ‘ಎಂಎಸ್’ ಎಂಬ ಸಂಕ್ಷೇಪ ಹೃದಯದ ಕವಾಟದ ಕಾಯಿಲೆಯೂ ಆಗಬಹುದು, ನರರೋಗವೂ ಆಗಬಹುದು. ವರದಿಯಲ್ಲೇ ಆಧಾರ ಸಿಗದಿದ್ದರೆ ಅದನ್ನು ಬಿಡಿಸದೆ ಹಾಗೇ ಇಟ್ಟು, ಟಿಪ್ಪಣಿ ಹಾಕಬೇಕು.