ದತ್ತಾಂಶ ಸಂರಕ್ಷಣಾ ಪರಿಣಾಮ ಮೌಲ್ಯಮಾಪನ

ಜನರ ವೈಯಕ್ತಿಕ ಮಾಹಿತಿಯನ್ನು ಹೊಸ ರೀತಿಯಲ್ಲಿ ಬಳಸುವ ಮೊದಲು, ಅದರಿಂದ ಯಾರಿಗೆ ಯಾವ ಹಾನಿ ತಟ್ಟಬಹುದು, ಅದನ್ನು ತಡೆಯುವ ಬಗೆ ಯಾವುದು ಎಂದು ಪರಿಶೀಲಿಸಿ ಬರೆದಿಡುವ ಕ್ರಮ. ಆ್ಯಪ್‌ಗೆ ಹೊಸ ಸೌಲಭ್ಯ ಸೇರಿಸುವ ಹೊತ್ತೇ ಇದಕ್ಕೆ ಸರಿಯಾದ ಸಮಯ. ಆದರೆ ಭಾರತದ ಕಾನೂನು ಆ ಹೊತ್ತಿನಲ್ಲಿ ಇದನ್ನು ಕಡ್ಡಾಯ ಮಾಡಿಲ್ಲ.

ಕಾನೂನಿನ ಹಿನ್ನೆಲೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಹೇಳಿತು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಕರಡು ಮಸೂದೆ ಕೊಟ್ಟಿತು. 2019ರ ಮಸೂದೆಯಲ್ಲಿ ಹೊಸ ತಂತ್ರಜ್ಞಾನ, ದೊಡ್ಡ ಪ್ರಮಾಣದ ವ್ಯಕ್ತಿಚಿತ್ರಣ, ಬಯೊಮೆಟ್ರಿಕ್‌ನಂಥ ಸೂಕ್ಷ್ಮ ಮಾಹಿತಿಯ ಬಳಕೆಗೆ ಮುಂದಾಗುವ ದೊಡ್ಡ ಸಂಸ್ಥೆಗಳು ಮೊದಲು ಮೌಲ್ಯಮಾಪನ ಮುಗಿಸಬೇಕೆಂಬ ಷರತ್ತಿತ್ತು. ಸರ್ಕಾರ ಆ ಮಸೂದೆಯನ್ನು 2022ರಲ್ಲಿ ಹಿಂತೆಗೆದುಕೊಂಡಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 10ನೇ ಕಲಮಿನಲ್ಲಿ ಉಳಿದದ್ದು ನಿಯತಕಾಲಿಕ ಮೌಲ್ಯಮಾಪನ ಮಾತ್ರ. ಅದೂ ಕೇಂದ್ರ ಸರ್ಕಾರ 'ಮಹತ್ವದ' ಸಂಸ್ಥೆಗಳೆಂದು ಗುರುತಿಸಿದವುಗಳಿಗೆ. 2025ರ ನವೆಂಬರಿನ ನಿಯಮಗಳು ಹನ್ನೆರಡು ತಿಂಗಳಿಗೊಮ್ಮೆ ಅದನ್ನು ಮಾಡಿ, ಮುಖ್ಯ ಅಂಶಗಳನ್ನು ದತ್ತಾಂಶ ಸಂರಕ್ಷಣಾ ಮಂಡಳಿಗೆ ತಿಳಿಸಬೇಕೆನ್ನುತ್ತವೆ. ಈ ಬಾಧ್ಯತೆಗಳ ಜಾರಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಜನವರಿಯಲ್ಲಿ ವರದಿ ಒಪ್ಪಿಸಿದ ಸಂಸ್ಥೆ ಫೆಬ್ರವರಿಯಲ್ಲಿ ಅಪಾಯಕಾರಿ ಸೌಲಭ್ಯವೊಂದನ್ನು ಬಿಟ್ಟರೆ ಅದು ಈ ಮೌಲ್ಯಮಾಪನಕ್ಕೆ ಸಿಗುವುದು ಬಹುಶಃ ಮುಂದಿನ ವರ್ಷ. ಐರೋಪ್ಯ ಒಕ್ಕೂಟದ ಜಿಡಿಪಿಆರ್‌ನ 35ನೇ ವಿಧಿಯಲ್ಲಿ ಇಂಥ ಅಂತರವಿಲ್ಲ. ಹೆಚ್ಚು ಅಪಾಯವಿರಬಹುದಾದ ಬಳಕೆ ಶುರುವಾಗುವ ಮೊದಲೇ ಮೌಲ್ಯಮಾಪನ ಮುಗಿಯಬೇಕು.

ಯಾವಾಗ ಬೇಕು. ಪರದೆಯ ಬಣ್ಣ ಬದಲಾದರೆ, ಬಟನ್‌ಗಳ ಮೇಲಿನ ಬರಹ ಕನ್ನಡಕ್ಕೆ ಬಂದರೆ ಬೇಡ. ಮಾಹಿತಿಯ ಉದ್ದೇಶ ಬದಲಾದರೆ, ಹೊಸಬರ ಕೈಗೆ ಅದು ಹೋದರೆ, ಅದರಿಂದ ಮನುಷ್ಯರಿಗೆ ಅಂಕ ಕೊಟ್ಟರೆ ಬೇಕು. ಐರೋಪ್ಯ ನಿಯಂತ್ರಕರ 2017ರ ಮಾರ್ಗಸೂಚಿ ಒಂಬತ್ತು ಲಕ್ಷಣಗಳನ್ನು ಕೊಟ್ಟು, ಸಾಮಾನ್ಯವಾಗಿ ಎರಡು ಕೂಡಿದರೆ ಮಾಡಿ ಎನ್ನುತ್ತದೆ. ಕನ್ನಡದಲ್ಲಿ ಮಾತನಾಡಿ ಅರ್ಜಿ ತುಂಬುವ ಸೌಲಭ್ಯ ಮೇಲ್ನೋಟಕ್ಕೆ ಭಾಷೆಯ ಕೆಲಸ. ಧ್ವನಿ ಬೇರೆ ಕಂಪನಿಯ ಸರ್ವರಿಗೆ ಹೋಗುತ್ತಿದ್ದರೆ ಅದೂ ಪರೀಕ್ಷೆಗೆ ಒಳಪಡಬೇಕು.

ಒಂದು ಉದಾಹರಣೆ: ಆದೋನಿಯ ಹತ್ತಿ. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ಆಂಧ್ರಪ್ರದೇಶದಲ್ಲಿರುವ ಆದೋನಿ ಇಂದಿಗೂ ದೊಡ್ಡ ಹತ್ತಿ ಮಾರುಕಟ್ಟೆ. ಭಾರತೀಯ ಹತ್ತಿ ನಿಗಮ 2025ರಲ್ಲಿ ಬೆಂಬಲ ಬೆಲೆ ಖರೀದಿಗಾಗಿ ಕಪಾಸ್ ಕಿಸಾನ್ ಆ್ಯಪಿನಲ್ಲಿ ರೈತರ ನೋಂದಣಿ ಮತ್ತು ಸ್ಲಾಟ್ ಬುಕಿಂಗ್ ಆರಂಭಿಸಿತು. ಮುಂದೆ ಹೇಳುವುದು ಅದರ ಬಗ್ಗೆ ಅಲ್ಲ. ಇಂಥದೇ ಒಂದು ಖಾಸಗಿ ಆ್ಯಪ್, ಹತ್ತಿ ಮಾರಿದ ದಾಖಲೆ ನೋಡಿ 'ಸಾಲಕ್ಕೆ ಅರ್ಹರೇ' ಎಂದು ಸಾಲದ ಕಂಪನಿಗೆ ತಿಳಿಸುವ ಸೌಲಭ್ಯ ಸೇರಿಸುತ್ತದೆ ಎಂದುಕೊಳ್ಳೋಣ.

ವರದಿಯ ಮೊದಲ ಭಾಗ ಮಾಹಿತಿ ಹರಿಯುವ ದಾರಿಯ ವಿವರಣೆ: ಸರ್ವೆ ನಂಬರು, ತೂಕ, ಮೊಬೈಲ್ ನಂಬರು ಯಾರಿಂದ ಯಾರಿಗೆ, ಎಷ್ಟು ಕಾಲಕ್ಕೆ. ಕಚೇರಿಯಲ್ಲಿ ಕುಳಿತು ಬಿಡಿಸಿದ ನಕ್ಷೆ ಇಲ್ಲಿ ಮೋಸ ಮಾಡುತ್ತದೆ. ಅರ್ಜಿಯನ್ನು ದಲಾಲಿಯ ಗುಮಾಸ್ತ ತುಂಬಿದ್ದರೆ ಒಟಿಪಿ ಬರುವುದು ಅವನ ಫೋನಿಗೆ, ಸಮ್ಮತಿ ಒತ್ತುವುದೂ ಅವನೇ. ಗೇಣಿಗೆ ಭೂಮಿ ಪಡೆದವನು ಬೆಳೆದ ಹತ್ತಿ ಜಮೀನಿನ ಒಡೆಯನ ಸರ್ವೆ ನಂಬರಿನಲ್ಲಿ ಮಾರಾಟವಾದರೆ ಅರ್ಹತೆಯ ಅಂಕ ಒಡೆಯನಿಗೆ ಸೇರುತ್ತದೆ, ಗೇಣಿದಾರನಿಗೆ ಸಾಲ ಸಿಗುವುದಿಲ್ಲ. ಗುಮಾಸ್ತನ ಫೋನಿನಿಂದಾದ ಸಮ್ಮತಿಯನ್ನು ಪತ್ತೆ ಹಚ್ಚುವುದು ಸುಲಭ. ಒಂದೇ ಮೊಬೈಲ್ ನಂಬರಿಗೆ ಎಷ್ಟು ರೈತರ ಖಾತೆಗಳಿವೆ ಎಂದು ಎಣಿಸಬೇಕು. ಒಂದಕ್ಕೆ ಹತ್ತಾರು ಇದ್ದರೆ ಆ ಸಮ್ಮತಿಗಳು ರೈತರದ್ದೆಂದು ನಂಬಲಾಗದು.

ಎರಡನೆಯದು ಅಗತ್ಯ. ಸಾಲದ ಕಂಪನಿಗೆ ಪ್ರತಿ ಮಾರಾಟದ ತಾರೀಖು, ತೂಕ ಬೇಕೇ? 'ಹೌದು/ಇಲ್ಲ' ಎಂಬ ಉತ್ತರ ಸಾಕಾದರೆ ಉಳಿದದ್ದನ್ನು ಕಳಿಸಬಾರದು. ಮೂರನೆಯದು ಅಪಾಯ ಮತ್ತು ತಡೆ: ರೈತನದೇ ಫೋನೆಂದು ಖಚಿತಪಡಿಸಿಕೊಂಡ ಬಳಿಕವೇ ಸಮ್ಮತಿ, ಗೇಣಿದಾರನ ದಾಖಲೆಗೆ ಪ್ರತ್ಯೇಕ ಜಾಗ, ಒಪ್ಪದವನಿಗೂ ಅದೇ ಸ್ಲಾಟು. ಪ್ರತಿ ತಡೆಯ ಮುಂದೆ ಹೊಣೆಗಾರನ ಹುದ್ದೆ ಮತ್ತು ದಿನಾಂಕ ಇರಬೇಕು. ರೈತರನ್ನೂ ದಲಾಲಿಗಳನ್ನೂ ಕೇಳಿದ ಮಾತುಗಳು ದಾಖಲಾಗಬೇಕು. ಅವರ ಆಕ್ಷೇಪವನ್ನು ಒಪ್ಪದಿದ್ದರೆ ಕಾರಣವೂ ಇರಬೇಕು.

ಭಾಷೆಯ ವಿಷಯ ಇಲ್ಲಿ ಬರಿ ಸೌಜನ್ಯವಲ್ಲ. ಕಾಯ್ದೆಯ ಪ್ರಕಾರ ಸೂಚನಾಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ತೆಲುಗಿನೊಂದಿಗೆ ಕನ್ನಡವೂ ಆ ಪಟ್ಟಿಯಲ್ಲಿದೆ. ಆದೋನಿ ಸುತ್ತಲಿನ ಕನ್ನಡಿಗ ರೈತನಿಗೆ ತೆಲುಗಿನ ಸೂಚನೆಯೊಂದನ್ನೇ ತೋರಿಸಿದರೆ ಆ ಆಯ್ಕೆ ಇಲ್ಲದಂತಾಗುತ್ತದೆ.

ಮಿತಿಗಳು. ತಡೆಗಳ ನಂತರವೂ ಅಪಾಯ ಹೆಚ್ಚೇ ಇದ್ದರೆ ಐರೋಪ್ಯ ಕಾನೂನಿನಲ್ಲಿ ನಿಯಂತ್ರಕರನ್ನು ಮೊದಲೇ ಕೇಳಬೇಕು. ಭಾರತದ ಕಾಯ್ದೆಯಲ್ಲಿ ಅಂಥ ಮುನ್ಸಮಾಲೋಚನೆಗೆ ದಾರಿಯಿಲ್ಲ, ನಿರ್ಧಾರ ಸಂಸ್ಥೆಯದೇ. ಸರ್ಕಾರ ಗುರುತಿಸದ ಸಣ್ಣ ಆ್ಯಪ್‌ಗಳಿಗೆ ಮೌಲ್ಯಮಾಪನವೇ ಕಡ್ಡಾಯವಲ್ಲ. ಸಾಲದ ಕಂಪನಿ ಬದಲಾದರೆ ಅಥವಾ ಎರಡನೆಯದು ಸೇರಿದರೆ ಹಳೆಯ ವರದಿ ಸಾಲದು. ಮಾಹಿತಿಯ ದಾರಿಯನ್ನು ಮತ್ತೆ ಬರೆದು ಪರೀಕ್ಷಿಸಬೇಕಾಗುತ್ತದೆ.