ಶ್ರದ್ಧೆ–ಸಂದೇಹಗಳ ವಚನ: ರಚನೆಯ ಕ್ರಮ

ವಚನದಲ್ಲಿ ಸಂದೇಹಕ್ಕೆ ಹಿಂದಿನಿಂದಲೂ ಎಡೆಯಿದೆ. ಹನ್ನೆರಡನೆಯ ಶತಮಾನದ ಶರಣರು ತಮ್ಮ ಮನಸ್ಸಿನ ಚಾಂಚಲ್ಯವನ್ನು ಮರೆಮಾಚದೆ ದೇವರ ಮುಂದಿಟ್ಟರು. ಇಂದು ಅಂಥ ರಚನೆಗೆ ತೊಡಗುವವರು ಎರಡು ಕಡೆ ಎಡವುವುದನ್ನು ನಾವು ಕಾಣುತ್ತೇವೆ. ಚಿಂಚೋಳಿ, ಸೇಡಂ ಭಾಗದ ಒಕ್ಕಲಿಗನೊಬ್ಬನ ತೊಗರಿ ಹೊಲ ನೆಟೆ ರೋಗಕ್ಕೆ ತುತ್ತಾಯಿತೆಂದು ಭಾವಿಸಿ ಇದನ್ನು ವಿವರಿಸುತ್ತೇವೆ.

ಮೊದಲ ಬಗೆಯ ರಚನೆ ಹೀಗಿರುತ್ತದೆ:

ತೊಗರಿ ಒಣಗಿತು, ಮನ ನೊಂದಿತು;
ಆದರೂ ನಿನ್ನ ಕೃಪೆ ಅಪಾರ.

ಇಲ್ಲಿ ಎರಡನೆಯ ಸಾಲು ಮೊದಲನೆಯದನ್ನು ಅಳಿಸಿಹಾಕುತ್ತದೆ. ಸಂದೇಹವು ಸ್ತುತಿಗೆ ಪೀಠಿಕೆಯಷ್ಟೇ ಆಗಿದೆ. ‘ಆದರೂ’ ಎಂಬ ಪದವೇ ಇದರ ಗುರುತು. ಕೊನೆಯ ಸಾಲನ್ನು ತೆಗೆದು ಓದಬೇಕು. ಉಳಿದುದರಲ್ಲಿ ಹುರುಳಿಲ್ಲವೆಂದರೆ ಸಂದೇಹವನ್ನು ನಿಜವಾಗಿ ನುಡಿದೇ ಇಲ್ಲ.

ಎರಡನೆಯ ಬಗೆ:

ತೊಗರಿ ಒಣಗಿತು;
ದೇವರಿಗೆ ಮಾತ್ರ ಎಡೆ ತಪ್ಪಲಿಲ್ಲ.

ಇಲ್ಲಿ ದೇವರ ಕುರಿತು ಬೇರೆಯವರೊಡನೆ ಮಾತು ನಡೆದಿದೆ. ‘ನೀನು’ ಹೋಗಿ ‘ದೇವರು’ ಎಂದಾದೊಡನೆ ಕೇಳುಗನು ನೋಡಿ ನಗುವವನಾಗುತ್ತಾನೆ. ಬರೆದವನು ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡಿರುವುದರಿಂದ ಇದು ಕುಹಕವೆನಿಸುತ್ತದೆ.

ತಿದ್ದುವಾಗ ಮೂರು ಕೆಲಸ ಮಾಡಬೇಕು. ಮೊದಲಿನಿಂದ ಕೊನೆಯವರೆಗೆ ‘ನೀನು’ ಎಂದೇ ಸಂಬೋಧಿಸಬೇಕು. ಕಣ್ಣು ಕಂಡದ್ದನ್ನು, ಕೈ ಮಾಡಿದ್ದನ್ನು ಹೇಳಬೇಕು. ಪ್ರಶ್ನೆಯು ದೇವರನ್ನು ದೂರುವ ಮೊದಲು ಕೇಳುವವನನ್ನೇ ಮುಟ್ಟಬೇಕು. ನೆಟೆ ತಗುಲಿದ ಗಿಡದ ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ; ಒಕ್ಕಲಿಗನು ಬಲ್ಲ ಈ ಗುರುತೇ ವಚನಕ್ಕೆ ಸಾಮಗ್ರಿಯಾಗುತ್ತದೆ:

ಕಾಯಿ ಕಟ್ಟುವ ಹೊತ್ತಿಗೆ ತೊಗರಿ ಬಾಡಿತು.
ಕಾಂಡ ಸೀಳಿ ನೋಡಿದೆ, ಒಳಗೆ ಕಪ್ಪು ಗೆರೆ.
ಅದೇ ಅಂಗೈಯಲ್ಲಿ ಇಂದು ನಿನ್ನ ಹಿಡಿದೆ;
ಕೈ ನಡುಗಿದ್ದು ಭಕ್ತಿಗೋ ಭಯಕ್ಕೋ
ನಾನರಿಯೆ, ನೀನೇ ಹೇಳಯ್ಯಾ.

ಇಷ್ಟಲಿಂಗವನ್ನು ಅವನು ಕೆಳಗಿಡಲಿಲ್ಲ. ಶ್ರದ್ಧೆ ಉಳಿದಿರುವುದು ಆ ಕ್ರಿಯೆಯಲ್ಲಿ. ಸಂದೇಹ ಉಳಿದಿರುವುದು ನಡುಕದಲ್ಲಿ. ಯಾವುದನ್ನೂ ಹೆಸರಿಸಿ ಹೊಗಳಿಲ್ಲ, ಹಳಿದಿಲ್ಲ. ಶಹಾಬಾದ, ವಾಡಿ, ಚಿತ್ತಾಪುರದ ಕಡೆ ಕಲ್ಲು ಒಡೆಯುವವರು ತಮ್ಮ ಗಣಿಯಿಂದಲೇ ಇಂಥ ಗುರುತನ್ನು ಆರಿಸಿಕೊಳ್ಳಬಹುದು.

ಇನ್ನು ಅಂಕಿತದ ವಿಚಾರ. ಕೂಡಲಸಂಗಮದೇವ, ಗುಹೇಶ್ವರ ಮೊದಲಾದ ಶರಣರ ಅಂಕಿತಗಳನ್ನು ಹೊಸ ರಚನೆಗೆ ಇಡಬಾರದು. ವಚನಕಾರರನ್ನು ಗುರುತಿಸುವುದು ಅಂಕಿತದಿಂದಲೇ. ಎರವಲು ತಂದರೆ ಮುಂದೆ ಅದು ಶರಣರದೇ ಎಂಬ ಭ್ರಮೆ ಹುಟ್ಟೀತು. ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಹೊಸಬರು ತಮ್ಮದೇ ಅಂಕಿತವೊಂದನ್ನು ಆರಿಸಿಕೊಳ್ಳಲಿ, ಇಲ್ಲವೇ ಮೇಲಿನಂತೆ ಬರಿಯ ‘ಅಯ್ಯಾ’ ಎಂಬ ಕರೆಯಲ್ಲಿ ನಿಲ್ಲಿಸಲಿ. ಅಂಕಿತದ ಸಾಲು ಕರೆಯಾಗಿರಬೇಕು. ಅದು ಪ್ರಶ್ನೆಗೆ ಉತ್ತರವಾದರೆ ವಚನ ಮತ್ತೆ ಮೊದಲ ದೋಷಕ್ಕೇ ಮರಳುತ್ತದೆ.