ಬಿಡುಗಡೆಯ ಅಂತಿಮ ಸಿದ್ಧತಾ ಪರಿಶೀಲನೆ

ರಾಕೆಟ್, ತಂತ್ರಾಂಶ ಅಥವಾ ಯಂತ್ರವ್ಯವಸ್ಥೆಯೊಂದನ್ನು ಬಳಕೆಗೆ ಬಿಡುವ ಮೊದಲು ಹೊಣೆಗಾರರು ಒಟ್ಟಿಗೆ ಕುಳಿತು ‘ಗೋ’ ಅಥವಾ ‘ನೋ-ಗೋ’ ಎಂದು ತೀರ್ಮಾನಿಸುವ ಕೊನೆಯ ಸಭೆ. ಸಭೆಯ ಮುಂದೆ ಒಂದು ತಪಶೀಲು ಪಟ್ಟಿ ಇರುತ್ತದೆ. ಕೆಲಸ ಮುಗಿಯಿತು ಎನ್ನಲು ಯಾವ ಯಾವ ಷರತ್ತು ಪೂರೈಸಿರಬೇಕು ಎಂಬುದನ್ನು ಅದರಲ್ಲಿ ಮೊದಲೇ ಬರೆದಿಟ್ಟಿರುತ್ತಾರೆ. ಈ ಷರತ್ತುಗಳಿಗೆ ನಿರ್ಗಮನ ಮಾನದಂಡ ಎಂದು ಹೆಸರು. ಕರ್ನಾಟಕದಲ್ಲಿ ಈ ಪದ್ಧತಿಯ ಇತಿಹಾಸ ಸ್ಪಷ್ಟವಾಗಿ ಕಾಣುವುದು ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಇಸ್ರೋದ ಉಡಾವಣೆಗಳಲ್ಲಿ.

ಮೂಲ: ‘ಗೋ, ನೋ-ಗೋ’ ಎಂಬ ಮಾತು ಬಂದದ್ದು ಯಂತ್ರ ಕಾರ್ಖಾನೆಯ ಅಳತೆಮಾಪಕದಿಂದ. ಅದಕ್ಕೆ ಎರಡು ತುದಿಗಳು. ಕೊರೆದ ರಂಧ್ರದೊಳಗೆ ಒಂದು ತುದಿ ಹೋಗಬೇಕು, ಇನ್ನೊಂದು ಹೋಗಬಾರದು. ನಡುವೆ ಚರ್ಚೆಗೆ ಎಡೆಯಿಲ್ಲ. ತಂತ್ರಾಂಶ ಕ್ಷೇತ್ರದಲ್ಲಿ ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಪ್ರಕಟಿಸಿದ ಲೇಖನವು ಪ್ರತಿ ಹಂತಕ್ಕೂ ನಿರ್ಗಮನ ಮಾನದಂಡ ಬೇಕೆಂದು ವಾದಿಸಿತು.

1979ರ ಪಾಠ: ಭಾರತದ ಮೊದಲ ಉಪಗ್ರಹ ಉಡಾವಣಾ ವಾಹನ ಎಸ್‌ಎಲ್‌ವಿ-3 ಶ್ರೀಹರಿಕೋಟಾದಿಂದ ಮೊದಲ ಬಾರಿ ಮೇಲೇರಿದ್ದು 1979ರ ಆಗಸ್ಟ್ 10ರಂದು. ಕ್ಷಣಗಣನೆಯ ಕೊನೆಯ ನಿಮಿಷಗಳಲ್ಲಿ ಕಂಪ್ಯೂಟರ್ ತಡೆ ಹಾಕಿತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ನೈಟ್ರಿಕ್ ಆಮ್ಲ ಸೋರುತ್ತಿತ್ತು. ಆಮ್ಲದ ದಾಸ್ತಾನು ಸಾಕಷ್ಟಿದೆ ಎಂದು ತಜ್ಞರು ಹೇಳಿದರು. ಯೋಜನಾ ನಿರ್ದೇಶಕ ಎ.ಪಿ.ಜೆ. ಅಬ್ದುಲ್ ಕಲಾಂ ತಡೆಯನ್ನು ದಾಟಿ ಉಡಾವಣೆಗೆ ಅನುಮತಿ ಕೊಟ್ಟರು. ಮೊದಲ ಹಂತ ಸರಿಯಾಗಿಯೇ ನಡೆಯಿತು. ಎರಡನೆಯದು ಹತೋಟಿ ತಪ್ಪಿ, ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಕಂಪ್ಯೂಟರಿನ ತಪಾಸಣೆ ತನ್ನ ಕೆಲಸ ಮಾಡಿತ್ತು. ಸೋರಿಕೆಯ ಕಾರಣ ತಿಳಿಯದೆ, ಉಳಿದ ಪ್ರಮಾಣವೊಂದನ್ನೇ ಲೆಕ್ಕ ಹಾಕಿದ್ದು ತಪ್ಪಾಗಿತ್ತು. ಇಸ್ರೋ ಅಧ್ಯಕ್ಷ ಸತೀಶ್ ಧವನ್ ಸೋಲಿನ ಹೊಣೆಯನ್ನು ಮಾಧ್ಯಮದವರ ಮುಂದೆ ತಾವೇ ಹೊತ್ತರು. 1980ರ ಜುಲೈ 18ರಂದು ಅದೇ ಮಾದರಿಯ ವಾಹನ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಸಭೆಯ ಕ್ರಮ: ಇಂದು ಇಸ್ರೋದಲ್ಲಿ ತೀರ್ಮಾನ ಎರಡು ಮೆಟ್ಟಿಲಲ್ಲಿ ಆಗುತ್ತದೆ. ಮೊದಲು ಮಿಷನ್ ಸಿದ್ಧತಾ ಪರಿಶೀಲನೆ ವಾಹನ, ಉಪಗ್ರಹ, ಉಡಾವಣಾ ಕೇಂದ್ರ ಮತ್ತು ಜಾಡು ಹಿಡಿಯುವ ನೆಲಕೇಂದ್ರಗಳ ಸ್ಥಿತಿಯನ್ನು ನೋಡುತ್ತದೆ. ಬಳಿಕ ಉಡಾವಣಾ ಅಧಿಕಾರ ಮಂಡಳಿ ಒಪ್ಪಿಗೆ ಕೊಡುತ್ತದೆ. ಇಂಥ ಪರಿಶೀಲನೆಯಲ್ಲಿ ತೂಕದ ಚರ್ಚೆ ನಡೆಯುವುದು ಪಾಸಾದ ಪರೀಕ್ಷೆಗಳ ಮೇಲಲ್ಲ, ವಿನ್ಯಾಸದ ಅಳತೆಗೆ ಹೊಂದದ ಅಂಶಗಳ ಮೇಲೆ. ಅಂಥ ಪ್ರತಿಯೊಂದನ್ನೂ ಸರಿಪಡಿಸಿ ಮುಗಿಸಿರಬೇಕು, ಇಲ್ಲವೇ ಹೀಗಿದ್ದರೂ ಹಾನಿಯಿಲ್ಲ ಎಂದು ಕಾರಣ ಬರೆದು, ಸಹಿ ಹಾಕಿ ವಿನಾಯಿತಿ ಕೊಟ್ಟಿರಬೇಕು. ‘ಆಮೇಲೆ ನೋಡೋಣ’ ಎಂಬ ಮೂರನೇ ದಾರಿ ಇರಕೂಡದು.

ಮಂಡಳಿಯ ಒಪ್ಪಿಗೆಯೇ ಕೊನೆಯ ಮಾತಲ್ಲ. 2013ರ ಆಗಸ್ಟ್ 19ರಂದು ಜಿಎಸ್‌ಎಲ್‌ವಿ-ಡಿ5 ಹಾರಲು 1 ಗಂಟೆ 14 ನಿಮಿಷ ಉಳಿದಿತ್ತು. ಎರಡನೇ ಹಂತದಿಂದ ಇಂಧನ ಸೋರುವುದು ಕಂಡು ಕ್ಷಣಗಣನೆಯನ್ನು ನಿಲ್ಲಿಸಿದರು. ಪರಿಶೀಲಿಸಿದಾಗ ಇಂಧನ ತೊಟ್ಟಿಯ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ, ಒತ್ತಡ ಮತ್ತು ಸಂಕ್ಷಾರಣ ಸೇರಿ ಉಂಟಾದ ಬಿರುಕು ಕಂಡಿತು. ಬೇರೆ ಮಿಶ್ರಲೋಹದ ಹೊಸ ತೊಟ್ಟಿಯಿರುವ ಹಂತವನ್ನು ಜೋಡಿಸಿ 2014ರ ಜನವರಿ 5ರಂದು ಹಾರಿಸಿದಾಗ ಭಾರತದ್ದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ಆ ವಾಹನ ಯಶಸ್ವಿಯಾಯಿತು. 1979ರಲ್ಲೂ 2013ರಲ್ಲೂ ಕಂಡ ಲಕ್ಷಣ ಸೋರಿಕೆಯೇ. ಎರಡನೇ ಸಲ ಕಾರಣ ಹುಡುಕುವವರೆಗೆ ಕಾದರು. 2019ರ ಜುಲೈ 15ರಂದು ಚಂದ್ರಯಾನ-2ರ ಉಡಾವಣೆಯನ್ನು 56 ನಿಮಿಷ 24 ಸೆಕೆಂಡ್ ಇರುವಾಗ ತಡೆದು, 22ರಂದು ಹಾರಿಸಿದರು.

ಮುಂದಿನ ಅವಕಾಶ: ‘ಬೇಡ’ ಎನ್ನಲು ಇನ್ನೊಂದು ದಿನಾಂಕ ಕೈಯಲ್ಲಿರಬೇಕು. 2023ರ ಆಗಸ್ಟ್ 23ರ ಚಂದ್ರಯಾನ-3ರ ಇಳಿಕೆಗೆ ಎರಡು ಗಂಟೆ ಮೊದಲು ಲ್ಯಾಂಡರಿನ ಆರೋಗ್ಯ ನೋಡಿ ನಿರ್ಧರಿಸುವುದೆಂದೂ, ಸರಿಯಿಲ್ಲದಿದ್ದರೆ 27ಕ್ಕೆ ಮುಂದೂಡುವುದೆಂದೂ ಇಸ್ರೋ ಅಧಿಕಾರಿಗಳು ಮುಂಚಿತವಾಗಿಯೇ ತಿಳಿಸಿದ್ದರು. ತಂತ್ರಾಂಶದಲ್ಲಿ ಈ ಸ್ಥಾನ ಹಿಂದಿನ ಆವೃತ್ತಿಗೆ ಮರಳುವ ದಾರಿಯದು. ಬ್ಯಾಕಪ್ ತೆಗೆದಿದ್ದೇವೆ ಎಂಬ ಉತ್ತರ ಅಲ್ಲಿ ಸಾಲದು, ಅದರಿಂದ ದತ್ತಾಂಶವನ್ನು ಒಮ್ಮೆ ಮರಳಿ ಪಡೆದು ನೋಡಿರಬೇಕು.

ಮಿತಿ: ಪಟ್ಟಿಗಿಂತ ಪ್ರಶ್ನೆ ಕೇಳುವ ರೀತಿ ಮುಖ್ಯ. 1986ರ ಜನವರಿ 27ರ ರಾತ್ರಿ ಅಮೆರಿಕದ ಚಾಲೆಂಜರ್ ನೌಕೆಯ ಬಗ್ಗೆ ನಡೆದ ದೂರವಾಣಿ ಸಭೆಯಲ್ಲಿ, ಚಳಿಗೆ ರಬ್ಬರ್ ಓ-ರಿಂಗ್‌ಗಳು ಕೆಡಬಹುದೆಂದು ಎಂಜಿನಿಯರುಗಳು ಎಚ್ಚರಿಸಿದರು. ಹಾರಿಸುವುದು ಸುರಕ್ಷಿತವೆಂದು ತೋರಿಸಿ ಎನ್ನುವ ಬದಲು ಅಪಾಯವಿದೆಯೆಂದು ಸಾಬೀತುಪಡಿಸುವ ಹೊರೆ ಅವರ ಮೇಲೆ ಬಿತ್ತು. ಮರುದಿನ ನೌಕೆ ಸಿಡಿದು ಏಳು ಮಂದಿ ಸತ್ತರು.